ಎಸ್ ಟಯರ್ ಬಂದೂಕು, ಬಿ ಟಯರ್ ಬೆರಳು

ಕೌಂಟರ್ ಸ್ಟ್ರೈಕ್ ಆಟದಲ್ಲಿ ಯಾವ ಬಂದೂಕು ಒಳ್ಳೆಯದು ಎಂದು ಯಾರನ್ನು ಕೇಳಿದರೂ ಉಸಿರು ತೆಗೆದುಕೊಳ್ಳದೆ ‘ಎಕೆ’ ಎನ್ನುತ್ತಾರೆ. ಟಯರ್ ಲಿಸ್ಟ್ ಮಾಡುವವರಂತೂ ಎಕೆ-47 ಅನ್ನು ಎಸ್ ಸಾಲಿನಲ್ಲಿ ಕೂರಿಸಿದ ಮೇಲೆಯೇ ಉಳಿದವುಗಳ ಕಡೆ ತಿರುಗುವುದು. ಎ ಗಿಂತ ಮೇಲೆ ಎಸ್ ಎಲ್ಲಿಂದ ಬಂತು ಎಂದು ನನಗೆ ಬಹಳ ದಿನ ತಲೆ ತಿನ್ನುತ್ತಿತ್ತು. ಅದು ಜಪಾನಿನ ಕಡೆಯಿಂದ ಬಂದ ಶ್ರೇಣಿಯಂತೆ. ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸಿನ ಮೇಲೆ ಡಿಸ್ಟಿಂಕ್ಷನ್ ಇರಲಿಲ್ಲವೇ, ಹಾಗೆ. ಕೆಳಗೆ ಎ, ಬಿ, ಸಿ, ಡಿ ಎಂದು ಮೆಟ್ಟಿಲಿಳಿದು ಹೋದರೆ ಎಲ್ಲೋ ಒಂದು ಕತ್ತಲೆ ಮೂಲೆಯಲ್ಲಿ ನನ್ನ ಪಿ90 ಕುಕ್ಕುರುಗಾಲಲ್ಲಿ ಕೂತಿರುತ್ತದೆ.

ನಾನು ಈ ಆಟ ಕಲಿತದ್ದು ಬ್ರೌಸಿಂಗ್ ಸೆಂಟರುಗಳ ಕಾಲದಲ್ಲಿ. ಆಗ 1.6 ಎಂಬ ಆವೃತ್ತಿ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು, ಪ್ಲೈವುಡ್ಡಿನ ಗೂಡುಗಳಲ್ಲಿ ಕೂತು, ಪಕ್ಕದ ಗೂಡಿನವನನ್ನು ಪರದೆಯೊಳಗೆ ಕೊಂದು ಗೋಡೆಯಾಚೆಯಿಂದ ಬೈಗುಳ ಕೇಳಿಸಿಕೊಳ್ಳುತ್ತಿದ್ದೆವು. ಆಗಲೂ ಪಿ90 ಹಿಡಿದವನಿಗೆ ಮರ್ಯಾದೆ ಇರಲಿಲ್ಲ. ಅದರಲ್ಲಿ ಸತ್ತವರು ‘ಥೂ, ಪಿ90’ ಎಂದು ಎದ್ದು ಟೀ ಕುಡಿಯಲು ಹೋಗುತ್ತಿದ್ದರು. ಈಗ 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2 ನನ್ನ ಅಕ್ಕನ ಮಗನ ಕಂಪ್ಯೂಟರಿನಲ್ಲಿದೆ. ಅವನ ಗುಂಪಿನಲ್ಲಿ ಐದನೆಯವನು ಕೈಕೊಟ್ಟ ದಿನ ನನಗೆ ಕರೆ ಬರುತ್ತದೆ. ಆಟ ಎಷ್ಟೋ ಬದಲಾಗಿದೆ, ಆದರೆ ‘ಥೂ, ಪಿ90’ ಮಾತ್ರ ಒಂದಕ್ಷರವೂ ಬದಲಾಗದೆ ಉಳಿದಿದೆ.

ಹುಡುಗನ ವಾದ ನೇರವಾದದ್ದು. ‘ಮಾಮ, ಎಕೆಯ ಒಂದು ಗುಂಡು ತಲೆಗೆ ಬಿದ್ದರೆ ಹೆಲ್ಮೆಟ್ ಇದ್ದವನೂ ಢಮಾರ್.’ ಇದು ನಿಜ. ಎಕೆಯ ಒಂದು ಗುಂಡಿಗೆ 36 ಡ್ಯಾಮೇಜ್. ತಲೆಗೆ ಬಿದ್ದರೆ ಅದು ನಾಲ್ಕು ಪಟ್ಟಾಗುತ್ತದೆ. ಹೆಲ್ಮೆಟ್ಟು ಸ್ವಲ್ಪ ನುಂಗಿಕೊಂಡರೂ 111 ಉಳಿಯುತ್ತದೆ, ಇರುವ ಜೀವವೇ 100. ಪಿ90ಯ ಗುಂಡಿನದು 26. ಹೆಲ್ಮೆಟ್ಟಿನ ತಲೆಗೆ ಬಿದ್ದರೂ 71 ಆಗಿ ನಿಲ್ಲುತ್ತದೆ, ಇನ್ನೊಂದು ಗುಂಡು ಬೇಕು. ಇಷ್ಟು ನೋಡಿದರೆ ಮಾತು ಮುಗಿಯಿತು, ನಾನು ಬಾಯಿ ಮುಚ್ಚಿಕೊಂಡು ಎಕೆ ಕೊಳ್ಳಬೇಕು.

ಆದರೆ ಗುಂಡಿನ ತೂಕ ಒಂದೇ ಅಲ್ಲವಲ್ಲ, ಅದು ಎಷ್ಟು ಬೇಗ ಬೇಗ ಹೊರಡುತ್ತದೆ ಎನ್ನುವುದೂ ಇದೆ. ಎರಡನ್ನೂ ಗುಣಿಸಿದರೆ ಸಿಗುವುದೇ ಡಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಡ್ಯಾಮೇಜ್ ಎಂಬ ಲೆಕ್ಕ. ಎಕೆ ನಿಮಿಷಕ್ಕೆ 600 ಗುಂಡು ಹಾರಿಸುತ್ತದೆ, ಸೆಕೆಂಡಿಗೆ ಹತ್ತು. ಹತ್ತು ಮೂವತ್ತಾರಲ ಮುನ್ನೂರ ಅರವತ್ತು. ಪಿ90 ನಿಮಿಷಕ್ಕೆ 857, ಸೆಕೆಂಡಿಗೆ ಹದಿನಾಲ್ಕು ಚಿಲ್ಲರೆ. ಅದನ್ನು 26ರಿಂದ ಗುಣಿಸಿದರೆ ಸುಮಾರು 371. ನೋಡಿ, ಮೂಲೆಯಲ್ಲಿ ಕೂತವನು ಕಾಗದದ ಮೇಲೆ ಹನ್ನೊಂದು ಅಂಕ ಮುಂದಿದ್ದಾನೆ! ಈ ಲೆಕ್ಕವನ್ನು ನಾನು ಹುಡುಗನ ಮುಂದೆ ಬಹಳ ಹೆಮ್ಮೆಯಿಂದ ಹಿಡಿದಾಗ ಅವನು ಕಣ್ಣೆತ್ತದೆ ಒಂದೇ ಪದ ಹೇಳಿದ: ‘ಆರ್ಮರ್.’

ಸರಿಯೇ. ಆಟದಲ್ಲಿ ಎಲ್ಲರೂ ಕವಚ ಕೊಳ್ಳುತ್ತಾರೆ. ಎಕೆಯ ಗುಂಡು ಕವಚ ದಾಟುವಾಗ ನೂರಕ್ಕೆ 77.5ರಷ್ಟು ಬಲ ಉಳಿಸಿಕೊಳ್ಳುತ್ತದೆ, ಪಿ90ಯದು 69ರಷ್ಟು. ಕವಚ ಲೆಕ್ಕಕ್ಕೆ ಬಂದರೆ ಎಕೆ 279ಕ್ಕೆ ಇಳಿಯುತ್ತದೆ, ಪಿ90 ಸುಮಾರು 256ಕ್ಕೆ. ಹನ್ನೊಂದರ ಮುನ್ನಡೆ ಹೋಗಿ ಇಪ್ಪತ್ತಮೂರರ ಹಿನ್ನಡೆ. ಡಿಪಿಎಸ್ ಎಂದು ಯಾರಾದರೂ ಒಂದು ಅಂಕಿ ಹೇಳಿದರೆ ಅದು ಬರೀ ಮೈಯವನ ಮೇಲೋ ಕವಚದವನ ಮೇಲೋ ಎಂದು ಮೊದಲು ಕೇಳುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಹುಡುಗ ಅಲ್ಲಿಗೆ ವಾದ ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. ಯಾಕೆಂದರೆ ಈ 279 ಆಗಲಿ 256 ಆಗಲಿ, ಹಾರಿಸಿದ ಗುಂಡುಗಳೆಲ್ಲ ಎದುರಾಳಿಯ ಎದೆಗೇ ಬಿದ್ದರೆ ಬರುವ ಅಂಕಿಗಳು. ಎಲ್ಲ ಗುಂಡೂ ಎದೆಗೇ ಬೀಳಿಸುವವನನ್ನು ನಾನು ನಮ್ಮ ಮನೆತನದಲ್ಲಿ ಈವರೆಗೆ ಕಂಡಿಲ್ಲ.

ಎಕೆಯ ಗುಂಡಿ ಒತ್ತಿ ಹಿಡಿದರೆ ಏನಾಗುತ್ತದೆ ಎಂದು ಗೋಡೆಯ ಮೇಲೆ ನೋಡಬಹುದು. ಮೊದಲ ಕೆಲವು ಗುಂಡುಗಳು ನೆಟ್ಟಗೆ ಮೇಲಕ್ಕೆ ಏರುತ್ತವೆ, ಆಮೇಲೆ ಒಂದು ಪಕ್ಕಕ್ಕೆ ಹೊರಳುತ್ತವೆ, ಆಮೇಲೆ ಇನ್ನೊಂದು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತವೆ. ಇದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ದಾರಿ. ಹಾಗಾಗಿ ಅಭ್ಯಾಸವಿದ್ದವನು ಮೌಸನ್ನು ಅದಕ್ಕೆ ಸರಿಯಾಗಿ ಉಲ್ಟಾ ಎಳೆದು, ಗುಂಡುಗಳನ್ನೆಲ್ಲ ಒಂದು ಅಂಗೈಯಗಲದಲ್ಲಿ ಸೇರಿಸಿಬಿಡುತ್ತಾನೆ. ಅದರ ಜೊತೆಗೆ ಓಡುತ್ತಾ ಹೊಡೆಯುವಂತಿಲ್ಲ. ಎಡಕ್ಕೆ ಓಡುತ್ತಿದ್ದರೆ ಬಲದ ಕೀಲಿಯನ್ನು ಒಂದು ಕ್ಷಣ ಒತ್ತಿ, ಪೂರ್ತಿ ನಿಂತು, ಆಗ ಹೊಡೆಯಬೇಕು. ನಿಲ್ಲುವ ಮೊದಲೇ ಬೆರಳು ಒತ್ತಿತೋ, ಗುಂಡು ಎದುರಾಳಿಯನ್ನು ಬಿಟ್ಟು ಅವನ ಅಕ್ಕಪಕ್ಕದ ಸಕಲ ವಸ್ತುಗಳಿಗೂ ತಾಗುತ್ತದೆ.

ಪಿ90ಯ ಜಾತಕವೇ ಬೇರೆ. ಒದೆತ ಕಡಿಮೆ. ಹೊಟ್ಟೆಯೊಳಗೆ 50 ಗುಂಡು, ಎಕೆಯಲ್ಲಿ 30. ಹಿಡಿದುಕೊಂಡು ಓಡಿದರೆ ಕಾಲೂ ತುಸು ಚುರುಕು. ನಡೆದಾಡುತ್ತಾ ಹೊಡೆದರೂ ಹತ್ತಿರದಲ್ಲಿ ತಕ್ಕಮಟ್ಟಿಗೆ ತಾಗುತ್ತದೆ. ಬೆಲೆಯೂ ಎಕೆಯ 2,700 ಡಾಲರಿಗೆ ಬದಲು 2,350, ಅದೂ ಆಟದ ಡಾಲರು. ಆಟ ಮಾಡಿದವರಿಗೂ ಇದು ಸಲೀಸಿನ ಬಂದೂಕೆಂದು ಗೊತ್ತಿದ್ದಂತಿದೆ. ಇದೇ ಜಾತಿಯ ಬೇರೆ ಬಹುತೇಕ ಬಂದೂಕುಗಳಲ್ಲಿ ಒಬ್ಬನನ್ನು ಕೊಂದರೆ 600 ಇನಾಮು ಕೊಡುವವರು, ಪಿ90ಗೆ ಮಾತ್ರ 300 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಈಗ ನನ್ನ ಲೆಕ್ಕ. ಅಭ್ಯಾಸದ ಕೋಣೆಯಲ್ಲಿ ಗೋಡೆಯ ಮುಂದೆ ಒಂದು ಬಾಟನ್ನು ನಿಲ್ಲಿಸಿ, ಹತ್ತಿರದಲ್ಲಿ, ನಾನು ನಿಜವಾಗಿ ಆಡುವಾಗ ಹೇಗೆ ಗಾಬರಿಯಲ್ಲಿ ಹೊಡೆಯುತ್ತೇನೋ ಹಾಗೆಯೇ ಹೊಡೆದೆ. ತಪ್ಪಿದವು ಗೋಡೆಯ ಮೇಲೆ ತೂತಾಗಿ ಉಳಿಯುತ್ತವೆ, ಎಣಿಸುವುದು ಸುಲಭ. ನನ್ನ ಕೈಯಲ್ಲಿ ಎಕೆಯ ಹತ್ತು ಗುಂಡಿಗೆ ಮೂರು ತಾಗಿದರೆ ಹೆಚ್ಚು. ಪಿ90ಯವು ಅರ್ಧದಷ್ಟು ತಾಗುತ್ತವೆ. ಹಾಗಾದರೆ ನನ್ನ ಎಕೆ 279ರ ಬಂದೂಕಲ್ಲ, ಅದರ ಹತ್ತರಲ್ಲಿ ಮೂರು ಪಾಲಿನದು: ಸುಮಾರು 84. ನನ್ನ ಪಿ90 256ರ ಅರ್ಧ, 128. ಟಯರ್ ಲಿಸ್ಟಿನ ನೆತ್ತಿಯ ಮೇಲಿರುವ ಬಂದೂಕನ್ನು ನಾನು ಕೈಗೆತ್ತಿಕೊಂಡ ಕೂಡಲೇ ಅದು ಮೂಲೆಯವನಿಗಿಂತ ಮೂರನೆಯ ಒಂದು ಪಾಲು ಕೆಳಗೆ ಬೀಳುತ್ತದೆ. ಪಾಪ, ಅದರ ತಪ್ಪೇನೂ ಇಲ್ಲ.

ಹುಡುಗನಿಗೂ ಇದನ್ನೇ ಮಾಡಿಸಿದೆ. ಅವನ ಎಕೆ ಹತ್ತಕ್ಕೆ ಆರು ತಾಗಿತು. ಅಂದರೆ 167. ಪಿ90ಯಲ್ಲಿ ಅವನಿಗೂ ಆರೇ ತಾಗಿದ್ದು, ಬಂದದ್ದು 154. ಅವನ ಮಟ್ಟಿಗೆ ಎಸ್ ಟಯರ್ ಎಂಬುದು ಸುಳ್ಳಲ್ಲ. ಆ ಪಟ್ಟಿ ಬರೆಯುವವರು ಬಹುಮಟ್ಟಿಗೆ ಅವನಿಗಿಂತಲೂ ಪಳಗಿದವರು, ಎಂಟು ಒಂಬತ್ತು ತಾಗಿಸುವವರು. ಅವರು ತಮ್ಮ ಬೆರಳಿಗೆ ಸರಿಯಾದ ಪಟ್ಟಿಯನ್ನೇ ಬರೆದಿದ್ದಾರೆ, ಬೆರಳನ್ನು ಜೊತೆಗೆ ಕಳಿಸಿಲ್ಲ ಅಷ್ಟೆ. ನಮ್ಮ ಅಜ್ಜಿಯ ಈಳಿಗೆಮಣೆಯೂ ಹೀಗೇ ಇತ್ತು. ಅವಳು ಕೂತರೆ ಒಂದು ಬುಟ್ಟಿ ಬೀನ್ಸು ನೋಡನೋಡುತ್ತಿದ್ದಂತೆ ಒಂದೇ ಅಳತೆಯಲ್ಲಿ ಉದುರುತ್ತಿತ್ತು. ಅದೇ ಮಣೆಯ ಮೇಲೆ ನಮ್ಮಪ್ಪ ಕೂತರೆ ಬೀನ್ಸಿಗಿಂತ ಮೊದಲು ಅರಿಸಿನದ ಡಬ್ಬಿ ಹುಡುಕಬೇಕಾಗುತ್ತಿತ್ತು.

ಇಲ್ಲಿಗೆ ಪಿ90 ಗೆದ್ದಿತೆಂದು ಪಟಾಕಿ ಹಚ್ಚುವ ಹಾಗಿಲ್ಲ. ಮೇಲಿನದೆಲ್ಲ ಹತ್ತಿರದ ಲೆಕ್ಕ. ದೂರ ಹೆಚ್ಚಿದಂತೆ ಎರಡೂ ಗುಂಡುಗಳ ಬಲ ಕುಂದುತ್ತದೆ. ಆದರೆ ಎಕೆಯದು ಕುಂದುವುದು ಗೊತ್ತೇ ಆಗುವುದಿಲ್ಲ, ಪಿ90ಯದು ಬಹಳ ಬೇಗ ಸೊರಗುತ್ತದೆ. ಸುಮಾರು 25 ಮೀಟರ್ ಆಚೆ ನಿಂತ ಕವಚದವನ ಎದೆಗೆ ಎಕೆಯಲ್ಲಿ ಅದೇ ನಾಲ್ಕು ಗುಂಡು ಸಾಕು. ಪಿ90ಯಲ್ಲಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರವಿದ್ದಾಗ ಆರು ಸಾಕಾಗುತ್ತಿದ್ದದ್ದು ಈಗ ಎಂಟರ ಹತ್ತಿರ ಬೇಕು. ಸೆಕೆಂಡಿನ ಲೆಕ್ಕದಲ್ಲಿ ಎಕೆ 268ರಷ್ಟಿದ್ದರೆ ಪಿ90 190ರ ಆಸುಪಾಸಿಗೆ ಬಂದಿರುತ್ತದೆ. ಅಷ್ಟು ದೂರಕ್ಕೆ ಗುಂಡುಗಳು ಚೆದುರುವುದೂ ಹೆಚ್ಚು. ನನ್ನ ಪಿ90ಯವು ಹತ್ತಕ್ಕೆ ಮೂರು ತಾಗಿದರೆ 57. ಎಕೆಯನ್ನು ಒತ್ತಿ ಹಿಡಿಯದೆ ಎರಡೆರಡೇ ಬಿಟ್ಟರೆ ಗುಂಡು ಹೋಗುವ ವೇಗ ತಗ್ಗುತ್ತದೆ, ಆದರೆ ಹೋದವು ತಾಗುತ್ತವೆ. ಅಪ್ಪಿತಪ್ಪಿ ಒಂದು ತಲೆಗೆ ಬಿದ್ದರೆ ಈ ಲೆಕ್ಕವೆಲ್ಲ ಬೇಡವೇ ಬೇಡ. ಡಸ್ಟ್ 2 ಎಂಬ ಮೈದಾನದಲ್ಲಿ ಸುರಂಗದೊಳಗೆ ನುಗ್ಗುವಾಗ ನಾನು ಹುಲಿ. ಅದೇ ಮೈದಾನದ ‘ಲಾಂಗ್’ ಎಂಬ ಉದ್ದನೆಯ ಓಣಿಗೆ ಪಿ90 ಹಿಡಿದು ಹೋದರೆ ಆಚೆಯವನು ನನ್ನನ್ನು ಕಂಡು ನಿಧಾನವಾಗಿ ತಲೆಗೆ ಗುರಿಯಿಡುತ್ತಾನೆ. ಆತುರಪಡುವ ಅಗತ್ಯವೇನೂ ಅವನಿಗಿರುವುದಿಲ್ಲ.

ಗೋಡೆಯ ಪರೀಕ್ಷೆಗೂ ಒಂದು ಮಿತಿಯಿದೆ. ಬಾಟು ನಿಂತಲ್ಲೇ ನಿಂತಿರುತ್ತದೆ, ನಿಜವಾದ ಎದುರಾಳಿ ನಿಲ್ಲುವುದಿಲ್ಲ. ಹಾಗಾಗಿ ನಾನು ಆಡುವಾಗಲೂ ಕಣ್ಣಿಡುತ್ತೇನೆ. ಸತ್ತ ಮೇಲೆ ಯಾರಿಗೆ ಎಷ್ಟು ಗುಂಡು ತಾಗಿಸಿದೆ, ಎಷ್ಟು ಡ್ಯಾಮೇಜ್ ಆಯಿತು ಎಂದು ಆಟವೇ ತೋರಿಸುತ್ತದೆ. ಸಾಯುವ ಹೊತ್ತಿಗೆ ಬಂದೂಕಿನಲ್ಲಿ ಎಷ್ಟು ಉಳಿದಿತ್ತು ಎಂಬುದು ನೆನಪಿದ್ದರೆ ಭಾಗಾಕಾರ ಮಾಡಬಹುದು. ಸಾಯುವುದರಲ್ಲಿ ನನಗೆ ಅಭ್ಯಾಸ ಚೆನ್ನಾಗಿರುವುದರಿಂದ ಈ ಲೆಕ್ಕಕ್ಕೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.

ತಮಾಷೆಯೆಂದರೆ ಪರದೆಯ ಹೊರಗೆ ಈ ಇಬ್ಬರ ಪಾತ್ರ ಅದಲುಬದಲು. ನಿಜವಾದ ಎಕೆ ಹೆಸರು ಮಾಡಿದ್ದೇ ಸಲೀಸಿಗೆ. ಹೊಸದಾಗಿ ಸೇನೆಗೆ ಸೇರಿದ ಹುಡುಗನೂ ಬಿಚ್ಚಿ ಒರೆಸಿ ಜೋಡಿಸಬಲ್ಲ, ಮಣ್ಣು ಮೆತ್ತಿದರೂ ಕೆಲಸ ಮಾಡುವ ಬಂದೂಕು ಅದು. ಆಟದೊಳಗೆ ಬಂದದ್ದೇ ಪಂಡಿತರ ಆಯುಧವಾಗಿ ಕೂತಿತು. ಪಿ90 ಮಾತ್ರ ಎರಡೂ ಕಡೆ ತನ್ನ ಸ್ವಭಾವ ಬಿಟ್ಟಿಲ್ಲ. ಬೆಲ್ಜಿಯಮ್ಮಿನ ಎಫ್‌ಎನ್ ಕಂಪನಿಯವರು ಅದನ್ನು ಮಾಡಿದ್ದು ಲಾರಿ ಓಡಿಸುವವರು, ಫಿರಂಗಿ ನೋಡಿಕೊಳ್ಳುವವರು, ಅಂದರೆ ಬಂದೂಕು ಹಿಡಿಯುವುದೇ ಕಸುಬಲ್ಲದ ಸೈನಿಕರಿಗಾಗಿ. ಇದನ್ನು ಓದಿದ ದಿನ ನನಗೆ ನನ್ನ ಹೆಸರಿಗೇ ಬರೆದ ಕಾಗದ ಸಿಕ್ಕಂತಾಯಿತು.

ಈಗ ನಮ್ಮಲ್ಲೊಂದು ಒಪ್ಪಂದವಿದೆ. ಓಣಿ ಅವನದು, ಸುರಂಗ ನನ್ನದು. ಸುರಂಗದಲ್ಲಿ ಎಕೆ ಹಿಡಿದವನೊಬ್ಬನನ್ನು ನಾನು ಕೆಡವಿದರೆ ಅವನ ಎಕೆ ನೆಲದ ಮೇಲೆ ಬಿದ್ದಿರುತ್ತದೆ, ಬೇಕೆಂದವರು ಎತ್ತಿಕೊಳ್ಳಬಹುದು. ಮೊನ್ನೆ ಹಾಗೆ ಒಂದು ಬಿದ್ದಿತ್ತು. ಹೆಡ್‌ಫೋನಿನಲ್ಲಿ ಹುಡುಗನ ದನಿ ಬಂತು: ‘ಮಾಮ, ಅದನ್ನ ಮುಟ್ಟಬೇಡಿ, ಅಲ್ಲೇ ಇರಲಿ, ನಾನು ಬಂದೆ!’