ಕಿರಿಯ ಕರಡು ತಿದ್ದುಗನ ಇ-ಮೇಲ್

ಉಮರ್ಗಾ, ನಿಲಂಗಾ, ಉದಗೀರ ಕಡೆಯಿಂದ ಕಲಬುರಗಿಗೆ ಬಂದು ಪ್ರಕಾಶನದಲ್ಲಿ ಕೆಲಸಕ್ಕೆ ಸೇರುವ ಕಿರಿಯ ಕರಡು ತಿದ್ದುಗ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತವನು. 1956ರಲ್ಲಿ ಹಳೆಯ ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾ ಆಚೆ ಹೋದವು, ಭಾಲ್ಕಿ, ಔರಾದ ಈಚೆ ಉಳಿದವು. ಅದರ ಫಲ ಇವನ ಮೇಲೆ ಹೀಗಾಗಿದೆ: ಅವ್ವ ಆಡುವ ಮಾತು ಅಚ್ಚಿನಲ್ಲಿ ಕಂಡರೆ ತಪ್ಪೆಂದೇ ಅನ್ನಿಸುತ್ತದೆ.

ಅನುಮಾನ ಬಂದ ರಾತ್ರಿ ಅವನು ಹಿರಿಯರಿಗೆ ಇ-ಮೇಲ್ ಬರೆಯುತ್ತಾನೆ. ವಿಷಯದ ಸಾಲಿನಲ್ಲಿ 'ಒಂದು ಸಣ್ಣ ಸಂದೇಹ' ಎಂದಿರುತ್ತದೆ. 'ಶರಣು ಸರ್' ಆದ ಮೇಲೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ, ರಾತ್ರಿ ಬರೆದದ್ದಕ್ಕೆ ಇನ್ನೊಂದು ಕ್ಷಮೆ. ಪ್ರಶ್ನೆ ಬರುವುದು ಮೂರನೆಯ ಪ್ಯಾರಾದಲ್ಲಿ: 'ಪುಟ 41ರಲ್ಲಿ ಗೌಡರು ಎತ್ತಿಗೆ ಕಣಿಕಿ ಹಾಕಿದರು ಎಂದಿದೆ. ಇದು ಕಾಣಿಕೆ ಇರಬೇಕಲ್ಲವೇ? ಅಥವಾ ಲೇಖಕರು ಬೇಕಂತಲೇ ಬರೆದಿದ್ದಾರೆಯೇ?' ಕಣಿಕಿ ಎಂದರೆ ಜೋಳದ ಒಣದಂಟು, ದನದ ಮೇವು. ಇವನೇ ಚಿಕ್ಕಂದಿನಲ್ಲಿ ಅದನ್ನು ಹೊತ್ತವನು. ಆದರೆ ಕೈಯಲ್ಲಿರುವ ನಿಘಂಟಿನಲ್ಲಿ ಸಿಗಲಿಲ್ಲವಲ್ಲ!

ಹಿರಿಯರು ನಿಘಂಟು ತೆರೆಯುವುದಿಲ್ಲ, ಬೆರಳಿನ ಚಾಳಿ ನೋಡುತ್ತಾರೆ. ನುಡಿ ಕೀಲಿಮಣೆಯಲ್ಲಿ ದೀರ್ಘದ ಕೀಲಿ ತಪ್ಪಿದರೆ 'ಕಾಣಿಕೆ' ಹೋಗಿ 'ಕಣಿಕೆ' ಆಗುತ್ತದೆ. ದಿನವೂ ಆಗುವ ತಪ್ಪು. ಆದರೆ ಕೊನೆಯ ಅಕ್ಷರವೂ 'ಕಿ' ಆಗಿದೆ. ಮೂರಕ್ಷರದ ಪದದಲ್ಲಿ ಬೆರಳು ಎರಡು ಸಲ ಜಾರುವುದು ಅಪರೂಪ. ಮೇಲಾಗಿ ಗೌಡರ ಬಾಯಲ್ಲೂ ಮನಿ, ಮಳಿ, ಬೆಳಿ ಎಂದೇ ಬಂದಿದೆ. ಕಡತದಲ್ಲಿ ಹುಡುಕಿದರೆ ಕಣಿಕಿ ಇನ್ನೂ ಎರಡು ಕಡೆ ಸಿಗುತ್ತದೆ, ಎರಡೂ ಕೊಟ್ಟಿಗೆಯಲ್ಲಿ. ಕೈತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ. ಹಾಗೆಂದು ಈ ಲೆಕ್ಕ ಎಲ್ಲ ಕಡೆಯೂ ನಡೆಯುವುದಿಲ್ಲ: ಅಕ್ಷರ ಜೋಡಿಸಿದವರು ತಪ್ಪನ್ನು ಒಮ್ಮೆ ಸರಿಯೆಂದು ನಂಬಿಬಿಟ್ಟರೆ ಅದೂ ಪುಸ್ತಕದ ತುಂಬ ಶಿಸ್ತಾಗಿಯೇ ಬರುತ್ತದೆ. ಆಗ ಲೇಖಕರಿಗೆ ಫೋನ್ ಮಾಡುವುದೊಂದೇ ದಾರಿ. ಅವರು ಹೆಚ್ಚಾಗಿ 'ನಾನು ಹಾಗೆ ಬರೆದಿದ್ದೇನೆಯೇ?' ಎಂದು ಕೇಳುತ್ತಾರೆ.

ಇಂಥ ಇ-ಮೇಲ್‌ನ ದೋಷ ಕೇಳುವುದರಲ್ಲಿಲ್ಲ. ಕೇಳದೆ ತಿದ್ದುವವನಿಗಿಂತ ಇವನು ಎಷ್ಟೋ ಮೇಲು. ಅವನು ಗೌಡರ ಕೈಯಿಂದ ಎತ್ತಿಗೆ ಕಾಣಿಕೆ ಕೊಡಿಸಿ ನಿಶ್ಚಿಂತೆಯಾಗಿ ಮಲಗಿರುತ್ತಿದ್ದ. ದೋಷವಿರುವುದು ಒಂದೇ ಪದಕ್ಕೆ ಕಣ್ಣು ಕೀಲಿಸಿಕೊಳ್ಳುವುದರಲ್ಲಿ. ಪುಟ 41ರ ಹಿಂದೆ ರಾತ್ರಿಯೆಲ್ಲ ಅಲೆದವನು ಪುಟ 43ನ್ನು ಸರಿಯೆಂದು ಗುರುತು ಹಾಕಿ ದಾಟಿಬಿಟ್ಟಿರುತ್ತಾನೆ.

ಹಿರಿಯರ ಉತ್ತರ ಬೆಳಿಗ್ಗೆ ಬರುತ್ತದೆ, ಕ್ಷಮೆ ಗಿಮೆ ಏನೂ ಇಲ್ಲದೆ: 'ಪುಟ 41: ಇರಲಿ. ಪುಟ 43ರಲ್ಲಿ ಅಜ್ಜಿ ಗುಡಿಯ ಹುಂಡಿಗೆ ಕಣಿಕೆ ಹಾಕಿದ್ದಾಳೆ. ಅಲ್ಲಿ ಯಾವ ಎತ್ತು ಕಟ್ಟಿದ್ದಾರೆ, ತಮ್ಮಾ?'