ಸೋಲಿಗೊಂದು ಗಣಿತದ ರಸೀದಿ

ಓಸಿ ಬರೆಸುತ್ತಿದ್ದ ಕಾಲದಲ್ಲಿ ಸೋತವನಿಗೆ ಉಳಿಯುತ್ತಿದ್ದದ್ದು ಒಂದು ಚೀಟಿ, ಜೊತೆಗೆ ಒಂದಿಷ್ಟು ಅನುಮಾನ. ನಂಬರು ತೆಗೆದವರು ಯಾರು, ಯಾವ ನಂಬರಿನ ಮೇಲೆ ದುಡ್ಡು ಹೆಚ್ಚು ಬಿದ್ದಿದೆ ಎಂದು ನೋಡಿಕೊಂಡೇ ತೆಗೆದರೇ ಎಂದೆಲ್ಲ ಕೇಳುವ ಹಾಗಿರಲಿಲ್ಲ. ಕೇಳಿದರೆ ಮರುದಿನ ಓಸಿ ಬರೆಯುವವನೇ ಸಿಗುತ್ತಿರಲಿಲ್ಲ. ಇಂದಿನ ಕ್ರಿಪ್ಟೊ ಕ್ಯಾಸಿನೊ ಹಾಗಲ್ಲ, ಬಹಳ ಸುಸಂಸ್ಕೃತ. ‘ನಮ್ಮನ್ನು ನಂಬಲೇಬೇಡಿ, ನೀವೇ ಲೆಕ್ಕ ಹಾಕಿ ನೋಡಿ’ ಎನ್ನುತ್ತದೆ. ದುಡ್ಡು ಹೋದ ಮೇಲೆ ಒತ್ತಲೆಂದು ಒಂದು ಗುಂಡಿಯನ್ನೂ ಕೊಟ್ಟಿರುತ್ತದೆ. ಒತ್ತಿದರೆ, ತಮ್ಮ ದುಡ್ಡು ಸಂಪೂರ್ಣ ಪ್ರಾಮಾಣಿಕವಾಗಿಯೇ ಹೋಗಿದೆ ಎಂಬ ಪುರಾವೆ ಬರುತ್ತದೆ. ಈ ಏರ್ಪಾಡಿನ ಹೆಸರು ‘ಪ್ರೂವಬ್ಲಿ ಫೇರ್’.

ಗೇಲಿ ಮಾಡಬೇಕೆಂದು ಹೊರಟವನಿಗೆ ಮೊದಲ ನಿರಾಸೆ ಇಲ್ಲಿಯೇ ಕಾದಿದೆ: ಇದರ ಗಣಿತದಲ್ಲಿ ಮೋಸವಿಲ್ಲ. ಡೈಸ್ ಆಟವನ್ನೇ ತೆಗೆದುಕೊಳ್ಳಿ. ನೀವು ಬಾಜಿ ಕಟ್ಟುವ ಮೊದಲೇ ಕ್ಯಾಸಿನೊ ಒಂದು ಗುಟ್ಟಿನ ಅಕ್ಷರಮಾಲೆಯನ್ನು ಆರಿಸಿಟ್ಟುಕೊಳ್ಳುತ್ತದೆ. ಅದು ಸರ್ವರ್ ಸೀಡ್. ಅದನ್ನು ತೋರಿಸುವುದಿಲ್ಲ, ಅದರ SHA-256 ಹ್ಯಾಶನ್ನು ಮಾತ್ರ ತೋರಿಸುತ್ತದೆ. ಹ್ಯಾಶ್ ಎಂದರೆ ಸೀಲು ಹಾಕಿದ ಲಕೋಟೆಯಿದ್ದಂತೆ. ಹೊರಗಿನಿಂದ ಒಳಗಿನದನ್ನು ಓದಲಾಗದು, ಆದರೆ ಒಳಗಿನ ಒಂದೇ ಒಂದು ಅಕ್ಷರ ಬದಲಿಸಿದರೂ ಸೀಲು ಪೂರಾ ಬೇರೆಯಾಗುತ್ತದೆ. ನಿಮ್ಮ ಪಾಲಿಗೆ ಇನ್ನೊಂದು ಅಕ್ಷರಮಾಲೆ ಇದೆ, ಕ್ಲೈಂಟ್ ಸೀಡ್. ಅದನ್ನು ನೀವೇ ಬರೆಯಬಹುದು. ಮೂರನೆಯದು ನಾನ್ಸ್, ಅಂದರೆ ಇದು ಎಷ್ಟನೆಯ ಬಾಜಿ ಎಂಬ ಕ್ರಮಸಂಖ್ಯೆ. ಈ ಮೂರನ್ನೂ HMAC-SHA256 ಎಂಬ ಸೂತ್ರಕ್ಕೆ ಹಾಕಿದರೆ ದಾಳದ ಅಂಕಿ ಬರುತ್ತದೆ. ಆಮೇಲೆ ನೀವು ಸೀಡ್ ಬದಲಿಸಿದಾಗ ಕ್ಯಾಸಿನೊ ಹಳೆಯ ಸರ್ವರ್ ಸೀಡನ್ನು ಬಹಿರಂಗಪಡಿಸುತ್ತದೆ. ಅದನ್ನು ಹ್ಯಾಶ್ ಮಾಡಿ ಹಿಂದೆ ತೋರಿಸಿದ ಸೀಲಿಗೆ ಹೋಲಿಸಬಹುದು, ಅದರಿಂದಲೇ ಆ ಬಾಜಿಯ ಅಂಕಿಯನ್ನೂ ಮತ್ತೆ ತೆಗೆದು ನೋಡಬಹುದು.

ಒಂದು ಬಾಜಿಯನ್ನು ಕೊನೆಯವರೆಗೂ ಪರಿಶೀಲಿಸೋಣ. ಯಾವ ಕ್ಯಾಸಿನೊಗೂ ಪುಕ್ಕಟೆ ಪ್ರಚಾರ ಬೇಡ, ಆದ್ದರಿಂದ ಸೀಡುಗಳನ್ನು ಬೇರೆ ಕಡೆಯಿಂದ ತರೋಣ. HMAC-SHA256 ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು 2005ರ RFC 4231 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಕೆಲವು ಮಾದರಿಗಳಿವೆ. ಅವುಗಳಲ್ಲೊಂದರ ಗುಟ್ಟು `Jefe`, ಸಂದೇಶ `what do ya want for nothing?`. ಜೂಜಿನ ಮನೆಯ ಬಾಗಿಲಲ್ಲಿ ಬರೆಸಲು ಇದಕ್ಕಿಂತ ಯೋಗ್ಯವಾದ ಪ್ರಶ್ನೆ ಸಿಗಲಾರದು. `Jefe` ಸರ್ವರ್ ಸೀಡ್ ಎನ್ನೋಣ. ನಿಜವಾದ ಸೈಟಿನಲ್ಲಿ ಸಂದೇಶವು ಕ್ಲೈಂಟ್ ಸೀಡ್ ಮತ್ತು ನಾನ್ಸನ್ನು ಜೋಡಿಸಿ `client_seed:nonce:0` ರೂಪದಲ್ಲಿರುತ್ತದೆ. ಇಲ್ಲಿ ಆ ಜಾಗದಲ್ಲಿ ನಮ್ಮ ಪ್ರಶ್ನೆಯೇ ಇರಲಿ.

```
import hmac, hashlib
s = "Jefe"
m = "what do ya want for nothing?"
h = hmac.new(s.encode(), m.encode(), hashlib.sha256).digest()
x = sum(b / 256**(i+1) for i, b in enumerate(h[:4]))
print(hashlib.sha256(s.encode()).hexdigest())
print(h.hex()[:8], int(x * 10001) / 100)
```

ಮೊದಲು ಅಚ್ಚಾಗುವ ಸಾಲು ಸೀಲು. ಬಾಜಿಗೆ ಮುಂಚೆ ಪರದೆಯ ಮೇಲೆ ಕಂಡ ಹ್ಯಾಶ್ ಇದೇ ಆಗಿರಬೇಕು. ಎರಡನೆಯ ಸಾಲಿನಲ್ಲಿ `5bdcc146 35.88` ಎಂದು ಬರುತ್ತದೆ. `5b`, `dc`, `c1`, `46` ಎಂಬ ನಾಲ್ಕು ಬೈಟುಗಳು ನಮ್ಮ ಎಣಿಕೆಯಲ್ಲಿ 91, 220, 193, 70. ಮೊದಲನೆಯದನ್ನು 256ರಿಂದ, ಎರಡನೆಯದನ್ನು 256ರ ವರ್ಗದಿಂದ, ಹೀಗೆ ಭಾಗಿಸುತ್ತ ಕೂಡಿದರೆ 0.358837 ಸಿಗುತ್ತದೆ. ಸ್ಟೇಕ್ ಎಂಬ ಹೆಸರಾಂತ ಸೈಟು ತನ್ನ ಡೈಸ್ ಆಟಕ್ಕೆ ಪ್ರಕಟಿಸಿರುವ ಸೂತ್ರದಂತೆ ಇದನ್ನು 10001ರಿಂದ ಗುಣಿಸಿದರೆ 3588.73. ದಶಾಂಶ ಬಿಟ್ಟು ನೂರರಿಂದ ಭಾಗಿಸಿದರೆ ದಾಳ ಬಿದ್ದದ್ದು 35.88. ನೀವು ‘50.50ಕ್ಕಿಂತ ಮೇಲೆ’ ಎಂದು ನೂರು ರೂಪಾಯಿ ಕಟ್ಟಿದ್ದಿರಿ. ಅಭಿನಂದನೆಗಳು, ತಾವು ಸೋತಿದ್ದೀರಿ. ಇದರಲ್ಲಿ ಯಾರ ಕೈವಾಡವೂ ಇಲ್ಲ. ಬೇಕಾದರೆ ಇನ್ನೊಮ್ಮೆ ಲೆಕ್ಕ ಹಾಕಿ, ಇನ್ನೊಮ್ಮೆ ಸೋಲುತ್ತೀರಿ.

ಈ ಪರಿಶೀಲನೆ ನಿಜಕ್ಕೂ ಕೆಲಸ ಮಾಡಬೇಕಾದರೆ ಕೆಲವು ಕಟ್ಟಳೆಗಳಿವೆ. ಗುಂಡಿಯ ಪಕ್ಕದಲ್ಲಿ ಅವುಗಳಿಗೆ ಸಾಮಾನ್ಯವಾಗಿ ಜಾಗ ಸಾಲುವುದಿಲ್ಲ. ಮೊದಲನೆಯದು, ಸೀಲನ್ನು ನೋಡಿದ ಮೇಲೆಯೇ ನಿಮ್ಮ ಕ್ಲೈಂಟ್ ಸೀಡ್ ಬರೆಯಬೇಕು. ಸೈಟು ತಾನೇ ತುಂಬಿಕೊಟ್ಟ ಕ್ಲೈಂಟ್ ಸೀಡನ್ನು ‘ಇರಲಿ ಬಿಡು’ ಎಂದು ಹಾಗೆಯೇ ಇಟ್ಟುಕೊಂಡರೆ ಎರಡೂ ಸೀಡುಗಳು ಜೂಜಿನ ಮನೆಯವರದೇ ಆದವು. ನಿಮ್ಮ ಬಾಜಿ ಸೋಲುವ ಅವಕಾಶ ಅರ್ಧಕ್ಕಿಂತ ತುಸು ಹೆಚ್ಚು. ಹಾಗಾಗಿ ನೀವು ಯಾವ ಕಡೆ ಆಡುವವರೆಂದು ಗೊತ್ತಿರುವ ಮನೆ, ನಿಮ್ಮ ಮೊದಲ ಹತ್ತು ಬಾಜಿಗಳನ್ನೂ ಸೋಲಿಸುವ ಸರ್ವರ್ ಸೀಡ್ ಬೇಕೆಂದರೆ ಸುಮಾರು ಸಾವಿರ ಸೀಡುಗಳನ್ನು ಹುಡುಕಿದರೆ ಸಾಕು. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಸಿಕ್ಕ ಸೀಡಿಗೆ ಸೀಲು ಹಾಕಿ ಮುಂದಿಟ್ಟರೆ ಮುಗಿಯಿತು. ಆಮೇಲೆ ನೀವು ಎಷ್ಟು ಸಲ ಪರಿಶೀಲಿಸಿದರೂ ಎಲ್ಲವೂ ಸರಿಯಾಗಿಯೇ ಬರುತ್ತದೆ. ಕ್ಲೈಂಟ್ ಸೀಡಿನ ಜಾಗದಲ್ಲಿ ನಿಮ್ಮ ಅಜ್ಜಿಯ ಹೆಸರನ್ನೋ ಕೋಳಿ ಸಾರಿನ ಪಾಕವಿಧಾನವನ್ನೋ ಬರೆದರೆ ಈ ಉಪಾಯ ಮುರಿಯುತ್ತದೆ. ಬರೆಯುವವರು ಎಷ್ಟು ಮಂದಿಯೆಂದು ಮನೆಗೆ ಗೊತ್ತು.

ಎರಡನೆಯದು ನಾನ್ಸ್. ಅದು ಪ್ರತಿ ಬಾಜಿಗೂ ಒಂದೊಂದೇ ಏರಬೇಕು. ನೀವು ಕ್ಲೈಂಟ್ ಸೀಡ್ ಒಪ್ಪಿಸಿದ ಕ್ಷಣದಿಂದ ಮುಂದಿನ ಎಲ್ಲ ಬಾಜಿಗಳ ಫಲ ಮನೆಗೆ ಗೊತ್ತಿರುತ್ತದೆ, ನಿಮಗೊಬ್ಬರಿಗೆ ಗೊತ್ತಿರುವುದಿಲ್ಲ. ದೊಡ್ಡ ಬಾಜಿಗೆ ಗೆಲುವಿನ ಅಂಕಿ ಬರಲಿದೆ ಎಂದಾಗ ‘ನೆಟ್‌ವರ್ಕ್ ತೊಂದರೆ, ಮತ್ತೆ ಪ್ರಯತ್ನಿಸಿ’ ಎಂಬ ವಿನಯದ ಸಂದೇಶ ಬಂದು, ಮುಂದಿನ ಬಾಜಿ 42ರ ಬದಲು 43ಕ್ಕೆ ಕೂತರೆ ಹ್ಯಾಶ್ ಏನೂ ದೂರುವುದಿಲ್ಲ. 43ನೆಯ ಬಾಜಿಯ ಲೆಕ್ಕ ಪಕ್ಕಾ ಇರುತ್ತದೆ. ಕಳವಾದದ್ದು 42. ಇದು ಒಂದೇ ಬಾಜಿ ಪರಿಶೀಲಿಸುವವನಿಗೆ ಕಾಣದು. ಸಾಲಿನಲ್ಲಿ ಹಲ್ಲು ಬಿದ್ದಿದೆಯೇ ಎಂದು ಎಲ್ಲ ಸಂಖ್ಯೆಗಳನ್ನೂ ನೋಡುವವನಿಗೆ ಮಾತ್ರ ಕಾಣುತ್ತದೆ.

ಮೂರನೆಯದು, ಚಾಲ್ತಿಯಲ್ಲಿರುವ ಸರ್ವರ್ ಸೀಡ್ ಬಹಿರಂಗವಾಗುವವರೆಗೆ ಯಾವ ಪರಿಶೀಲನೆಯೂ ಸಾಧ್ಯವಿಲ್ಲ. ಮೊದಲೇ ತೋರಿಸಿದರೆ ಮನೆಗೆ ಏನಾಗುತ್ತದೆ ಎಂಬುದನ್ನು ಪ್ರೈಮ್‌ಡೈಸ್ ಎಂಬ ಸೈಟು ದುಬಾರಿಯಾಗಿ ಕಲಿಯಿತು. ಹಲವು ವಿನಂತಿಗಳನ್ನು ಏಕಕಾಲಕ್ಕೆ ಕಳಿಸಿದರೆ ಅದರ ಸರ್ವರ್ ಗಲಿಬಿಲಿಗೊಂಡು, ಇನ್ನೂ ಬಳಕೆಯಲ್ಲಿರುವ ಸೀಡನ್ನೇ ಹಳೆಯದೆಂದು ತಿಳಿದು ತೋರಿಸಿಬಿಡುತ್ತಿತ್ತು. ಹಫಲ್‌ಪಫ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಒಬ್ಬ ಆಟಗಾರ ಇದನ್ನು ಕಂಡುಕೊಂಡು, ಮುಂದೆ ಬೀಳುವ ಅಂಕಿಯನ್ನು ಮೊದಲೇ ಲೆಕ್ಕ ಹಾಕಿ, ಸುಮಾರು ಹತ್ತು ಲಕ್ಷ ಡಾಲರ್ ಗೆದ್ದುಕೊಂಡು ಹೋದ. ಅವನ ಒಂದೊಂದು ಬಾಜಿಯನ್ನೂ ಇಂದಿಗೂ ಪರಿಶೀಲಿಸಿದರೆ ಎಲ್ಲವೂ ಸಾಚಾ. ಇದೊಂದು ಪ್ರಸಂಗದಲ್ಲಿ ಮಾತ್ರ ‘ಗಣಿತವೇ ಹೇಳುತ್ತಿದೆಯಲ್ಲ, ಸುಮ್ಮನಿರಿ’ ಎಂಬ ವಾದ ಕ್ಯಾಸಿನೊದವರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಇಷ್ಟೆಲ್ಲ ಕಾವಲು ಇರುವುದು ದಾಳ ಹೇಗೆ ಬಿತ್ತು ಎಂಬುದಕ್ಕೆ. ದಾಳ ಬಿದ್ದಾಗ ಎಷ್ಟು ಕೊಡುತ್ತಾರೆ ಎಂಬುದಕ್ಕೆ ಯಾವ ಸೀಲೂ ಬೇಕಿಲ್ಲ, ಅದು ಬಹಿರಂಗವಾಗಿಯೇ ಇದೆ. 0.00ರಿಂದ 100.00ರವರೆಗೆ ಒಟ್ಟು 10,001 ಅಂಕಿಗಳು. 50.50ಕ್ಕಿಂತ ಮೇಲಿರುವವು 4,950. ಗೆದ್ದರೆ ಕಟ್ಟಿದ್ದರ ಎರಡರಷ್ಟು. ಅಂದರೆ ನೂರು ರೂಪಾಯಿ ಕಟ್ಟಿದರೆ ಸರಾಸರಿಯಲ್ಲಿ ಹಿಂದಕ್ಕೆ ಬರುವುದು 98 ರೂಪಾಯಿ 99 ಪೈಸೆ. ‘ಒಂದೇ ಒಂದು ಪರ್ಸೆಂಟ್, ಹೋಟೆಲಿನ ಟಿಪ್ಸಿಗಿಂತ ಕಡಿಮೆ’ ಎಂದು ಆಟಗಾರ ಉದಾರವಾಗಿ ನಗುತ್ತಾನೆ. ಆದರೆ ಆ ಒಂದು ಪರ್ಸೆಂಟ್ ಅವನು ಜಮಾ ಮಾಡಿದ ಐದು ಸಾವಿರದ ಮೇಲಲ್ಲ, ತಿರುಗಿಸಿದ ಮೊತ್ತದ ಮೇಲೆ. ಆಟೊಬೆಟ್ ಒತ್ತಿ ನೂರರಂತೆ ಸಾವಿರ ಬಾಜಿ ಆಡಿದರೆ ತಿರುಗಿದ್ದು ಒಂದು ಲಕ್ಷ, ಮನೆಯ ಸರಾಸರಿ ಪಾಲು ಸುಮಾರು ಒಂದು ಸಾವಿರ. ಐದು ಸಾವಿರ ಬಾಜಿ ಆಡಿದರೆ ಜಮಾ ಮಾಡಿದಷ್ಟೂ ಆ ಪಾಲಿಗೇ ಸರಿಹೋಗುತ್ತದೆ. ಐದು ಸಾವಿರ ಬಾಜಿಗಳೂ ನ್ಯಾಯವಾದವು, ಐದು ಸಾವಿರಕ್ಕೂ ರಸೀದಿ ಇದೆ.

ಆದ್ದರಿಂದಲೇ ಮನೆಗೆ ದಾಳ ತಿರುಚುವ ದರ್ದು ಇಲ್ಲ. 2012ರಲ್ಲಿ ಎರಿಕ್ ವೋರ್ಹೀಸ್ ಶುರುಮಾಡಿದ ಸತೋಶಿಡೈಸ್ ಕೂಡ ಪ್ರತಿದಿನದ ಗುಟ್ಟಿನ ಹ್ಯಾಶನ್ನು ಮುಂಚಿತವಾಗಿ ಪ್ರಕಟಿಸಿ, ಆಮೇಲೆ ಗುಟ್ಟನ್ನೂ ಬಿಚ್ಚಿಡುತ್ತಿತ್ತು. 1.9 ಪರ್ಸೆಂಟಿನ ಆಸುಪಾಸಿನ ಪಾಲನ್ನು ಬಚ್ಚಿಡದೆ ತೆಗೆದುಕೊಳ್ಳುತ್ತಿತ್ತು. 2013ರಲ್ಲಿ ಅದು 1,26,315 ಬಿಟ್‌ಕಾಯಿನ್‌ಗಳಿಗೆ ಮಾರಾಟವಾಯಿತು. ಪ್ರಾಮಾಣಿಕತೆಗೆ ಬೆಲೆಯಿಲ್ಲ ಎಂದು ಕೊರಗುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಇನ್ನು ಹ್ಯಾಶ್ ಮೌನವಾಗುವ ಜಾಗಗಳು. ಅದೇ ಸೈಟಿನಲ್ಲಿ ಮಿನುಗುವ, ಬೇರೆ ಕಂಪನಿಗಳು ಮಾಡಿದ ಸ್ಲಾಟ್ ಆಟಗಳಿಗೆ ಸಾಮಾನ್ಯವಾಗಿ ಈ ಪರಿಶೀಲನೆ ಇರುವುದಿಲ್ಲ, ಆದರೆ ‘ಪ್ರೂವಬ್ಲಿ ಫೇರ್’ ಎಂಬ ಕೀರ್ತಿಯ ನೆರಳು ಅವುಗಳ ಮೇಲೂ ಬೀಳುತ್ತದೆ. ಗೆದ್ದ ಹಣ ಕೇಳಿದಾಗ ‘ನಿಮ್ಮ ಗುರುತಿನ ದಾಖಲೆ ಪರಿಶೀಲನೆಯಲ್ಲಿದೆ’ ಎಂದು ವಾರಗಟ್ಟಲೆ ಕೂರಿಸಿದರೆ ಅದನ್ನು ತಪ್ಪೆಂದು ತೋರಿಸುವ HMAC ಇನ್ನೂ ಹುಟ್ಟಿಲ್ಲ. ಅಲ್ಲಿ ಪರಿಶೀಲನೆಗೆ ಒಳಗಾಗುವವರು ನೀವು. ದೂರು ಕೊಡೋಣವೆಂದರೆ ಇಂಥ ಹಲವು ಸೈಟುಗಳ ಲೈಸೆನ್ಸು ಇರುವುದು ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ. ನಮ್ಮಲ್ಲಿ ಹಣ ಕಟ್ಟಿಸಿ ಆಡಿಸುವ ಆನ್‌ಲೈನ್ ಆಟಗಳನ್ನೇ ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. 64 ಅಕ್ಷರಗಳ ಹ್ಯಾಶ್ ಹಿಡಿದು ಪೊಲೀಸ್ ಠಾಣೆಗೆ ಹೋದರೆ ಬರೆದುಕೊಳ್ಳುವ ಪೇದೆಗೆ ಸುಸ್ತಾಗುವುದಷ್ಟೇ ಲಾಭ.

ಒಂದು ಬಾಜಿಯನ್ನು ಪರಿಶೀಲಿಸಲು ಎರಡು ಸೀಡು, ಒಂದು ನಾನ್ಸ್, ಒಂದು ಸೀಲು, ಏಳು ಸಾಲಿನ ಪ್ರೋಗ್ರಾಮು, ಸೀಡ್ ಬದಲಿಸುವವರೆಗಿನ ತಾಳ್ಮೆ ಇಷ್ಟೂ ಬೇಕು. ನೂರಕ್ಕೆ 98 ರೂಪಾಯಿ 99 ಪೈಸೆ ಎಂಬ ಲೆಕ್ಕಕ್ಕೆ ಇವು ಯಾವುವೂ ಬೇಡ. ಒಂದು ಗುಣಾಕಾರ, ಒಂದು ಭಾಗಾಕಾರ ಸಾಕು. ಅದನ್ನು ಬಾಜಿ ಕಟ್ಟುವ ಮೊದಲೇ ಮಾಡಬಹುದು. ಹಾಗಾಗಿಯೇ ಅದಕ್ಕೆ ಯಾರೂ ಗುಂಡಿ ಇಟ್ಟಿಲ್ಲ.