ಮೂಗಿನ ವಾರಸುದಾರ

ಪಿಯುಸಿ ಮೊದಲ ವರ್ಷದ ಹುಡುಗರಲ್ಲಿ ಒಂದು ಪಂಗಡವಿದೆ. ಬೈಕಿನ ಕನ್ನಡಿ, ಬಸ್ಸಿನ ಕಿಟಕಿ, ಆರಿಸಿಟ್ಟ ಟೀವಿ, ಸ್ಟೀಲ್ ತಟ್ಟೆಯ ಬೆನ್ನು, ಹೀಗೆ ಮುಖ ಕಾಣುವ ಯಾವ ವಸ್ತುವಿನ ಮುಂದೆಯೂ ಇವರು ಸುಮ್ಮನೆ ಹಾದುಹೋಗಲಾರರು. ನಿಂತು, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ನಿಟ್ಟುಸಿರು ಬಿಟ್ಟೇ ಮುಂದೆ ಹೋಗುತ್ತಾರೆ. ಮೊಡವೆಯವರು, ಹಲ್ಲಿನವರು, ಕಿವಿಯವರು ಎಂದು ಇವರಲ್ಲಿ ಒಳಪಂಗಡಗಳುಂಟು. ಶಿವಮೊಗ್ಗದಲ್ಲಿರುವ ನಮ್ಮಕ್ಕನ ಮಗ ಸಮರ್ಥ ಮೂಗಿನವನು.

ಹೈಸ್ಕೂಲಿನಲ್ಲಿದ್ದಾಗ ತನಗೊಂದು ಮೂಗಿದೆಯೆಂಬುದು ಅವನಿಗೆ ನೆನಪಾಗುತ್ತಿದ್ದುದು ನೆಗಡಿಯಾದಾಗ ಮಾತ್ರ. ಅದನ್ನು ಊರಿಗೆಲ್ಲ ಪರಿಚಯಿಸಿದ ಕೀರ್ತಿ ಶಾರದತ್ತೆಯದು. ಯಾರದೋ ಗೃಹಪ್ರವೇಶದಲ್ಲಿ ಹುಡುಗ ಬಾಗಿಲು ದಾಟಿ ಬರುವಾಗ ಆಕೆ ಪಂಕ್ತಿಗೆಲ್ಲ ಕೇಳುವಂತೆ, “ಮೂಗು ಬಂತು ನೋಡ್ರೇ, ಸಮರ್ಥ ಹಿಂದೆ ಬರ್ತಾ ಇದಾನೆ” ಅಂದುಬಿಟ್ಟರು. ಬಡಿಸುವವರು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕರು. ಆಮೇಲೆ ಸಮಾಧಾನಕ್ಕೆಂದು ಆಕೆಯೇ, “ಬೇಜಾರು ಮಾಡ್ಕೋಬೇಡ ಕಣೋ, ಇದು ನಮ್ಮ ಅಪ್ಪಯ್ಯನ ಮೂಗು” ಅಂದರು. ಮಾತು ನಿಜ. ಆ ಅಪ್ಪಯ್ಯನ ಅಡಿಕೆ ತೋಟ ದೊಡ್ಡ ಮಗನಿಗೆ ಹೋಯಿತು, ತಾಮ್ರದ ಹಂಡೆ ಶಾರದತ್ತೆಗೆ ಹೋಯಿತು. ಎರಡಕ್ಕೂ ಜಗಳವಾಗಿತ್ತು. ಮೂಗು ಸಮರ್ಥನಿಗೆ ಬಂದಾಗ ಮಾತ್ರ ಯಾರೂ ಪಾಲು ಕೇಳಲಿಲ್ಲ.

ಕಾಲೇಜಿನಲ್ಲಿ ಗರುಡ ಎಂಬ ನಾಮಕರಣವೂ ಆಯಿತು. ಅಲ್ಲಿಂದ ಹುಡುಗ ಮೂಗಿನ ವಿರುದ್ಧ ಕಾರ್ಯಾಚರಣೆ ಶುರುಮಾಡಿದ. ಕೊರೊನಾ ಕಾಲದ ಮಾಸ್ಕನ್ನು ಬೀರುವಿನಿಂದ ತೆಗೆದು ಹಾಕಿಕೊಂಡ. ಕೇಳಿದವರಿಗೆ ಧೂಳಿನ ಅಲರ್ಜಿ ಅಂದ. ರಾತ್ರಿ ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಮಲಗಿದ. ಬೆಳಗ್ಗೆ ಮೂಗು ಮೊದಲಿನಷ್ಟೇ ಇತ್ತು, ಕೆಂಪು ಬಣ್ಣವೊಂದು ಹೆಚ್ಚಾಗಿತ್ತು. ಅಮ್ಮನ ಪೌಡರನ್ನು ಮೂಗಿನ ಮೇಲೆ ತೆಳ್ಳಗೂ ಪಕ್ಕಕ್ಕೆ ದಟ್ಟವಾಗಿಯೂ ಬಳಿದು ನೋಡಿದ. ಅವರಪ್ಪ ಪೇಪರಿನಿಂದ ತಲೆಯೆತ್ತಿ, “ಏನೋ, ಗೋಡೆಗೆ ಸುಣ್ಣ ಹೊಡೀತಿದ್ಯಾ?” ಎಂದು ಕೇಳಿ ಮತ್ತೆ ಪೇಪರಿನೊಳಗೆ ಹೋದರು.

ಕೊನೆಗೆ ಉಸಿರಾಡಲು ಕಷ್ಟವಾಗುತ್ತಿದೆ ಎಂದು ಹೊಸ ದೂರು ತೆಗೆದ. ಉಸಿರು ಕಟ್ಟಿದರೆ ಆಪರೇಷನ್ ಮಾಡುತ್ತಾರೆ, ಅದರ ಜೊತೆಗೆ ಒಂದಿಷ್ಟು ಕೆತ್ತಿಸಿಕೊಂಡು ಬರಬಹುದು ಎಂಬುದು ಲೆಕ್ಕಾಚಾರ. ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಸೋದರಮಾವನಾದ ನಾನು. ಅವರು ತಣ್ಣಗಿನ ಸ್ಟೀಲಿನ ಪಟ್ಟಿಯೊಂದನ್ನು ಮೂಗಿನ ಕೆಳಗೆ ಅಡ್ಡ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡು ಅಂದರು. ಪಟ್ಟಿಯ ಮೇಲೆ ಎರಡು ಕಡೆಯೂ ಒಂದೇ ಅಳತೆಯ ಮಂಜು ಕೂತಿತು. ಒಂದು ಹೊಳ್ಳೆ ಕಟ್ಟಿದ್ದರೆ ಆ ಬದಿಯ ಮಂಜು ಸಣ್ಣದಾಗುತ್ತದಂತೆ. ಬ್ಯಾಟರಿ ಬಿಟ್ಟು ಒಳಗೂ ನೋಡಿದರು. “ಗಾಳಿ ಎರಡೂ ಕಡೆ ಧಾರಾಳವಾಗಿ ಓಡಾಡ್ತಿದೆ. ಈಗ ನಿಜ ಹೇಳಪ್ಪ, ಯಾರು ಏನಂದ್ರು?”

ಹುಡುಗ ನೆಲ ನೋಡಿದ. ಡಾಕ್ಟರು ಅವನ ಗದ್ದ ಹಿಡಿದು ಪಕ್ಕಕ್ಕೆ ತಿರುಗಿಸಿ ನನಗೆ ತೋರಿಸಿದರು. ಬೆಳೆಯುವ ವಯಸ್ಸಿನಲ್ಲಿ ಮುಖದ ಭಾಗಗಳೆಲ್ಲ ಒಟ್ಟಿಗೆ ಹೊರಡುವುದಿಲ್ಲವಂತೆ. ಮೂಗು ಮುಂಚೆ ಹೊರಟುಬಿಡುತ್ತದೆ, ಕೆಳದವಡೆ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಗದ್ದ ಹಿಂದೆ ಉಳಿದಿರುವಷ್ಟು ಕಾಲ ಮೂಗು ಇರುವುದಕ್ಕಿಂತ ಮುಂದೆ ಚಾಚಿದಂತೆ ಕಾಣುತ್ತದೆ. ಹುಡುಗಿಯರಲ್ಲಿ ಈ ಬೆಳವಣಿಗೆ ಹೆಚ್ಚುಕಡಿಮೆ ಹದಿನೈದು ಹದಿನಾರಕ್ಕೆ ಮುಗಿದರೆ ಹುಡುಗರಲ್ಲಿ ಹದಿನೇಳು ಹದಿನೆಂಟರವರೆಗೂ ನಡೆದಿರುತ್ತದೆ. ಅಲ್ಲಿಯವರೆಗೆ ಬರೀ ಅಂದಕ್ಕೆಂದು ಕತ್ತಿ ಮುಟ್ಟಿಸುವುದಿಲ್ಲ ಅಂದರು. “ನಿಂಗೆ ಹದಿನಾರು. ಗದ್ದ ಇನ್ನೂ ದಾರೀಲಿದೆ, ಬರ್ಲಿ.”

ಅಂದಿನಿಂದ ಹುಡುಗ ಗದ್ದದ ದಾರಿ ಕಾಯತೊಡಗಿದ. ದಿನಾ ಬೆಳಗ್ಗೆ ಮೊಬೈಲಿನಲ್ಲಿ ಸೆಲ್ಫಿ ತೆಗೆದು ಹಿಂದಿನ ದಿನದ್ದರ ಪಕ್ಕ ಇಟ್ಟು ನೋಡುವುದು. ಗದ್ದ ಬರಲಿಲ್ಲ, ಮೂಗು ಮಾತ್ರ ಫೋಟೋದಿಂದ ಫೋಟೋಗೆ ಉಬ್ಬುತ್ತಿದೆ ಎಂದು ಅವನ ಗುಮಾನಿ.

ಈ ಗುಮಾನಿಗೆ ಮದ್ದು ಸಿಕ್ಕಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಹಳೇ ಸ್ಟುಡಿಯೋದಲ್ಲಿ. ಕಾಲೇಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಿತ್ತು. ನಮ್ಮವನು ಸ್ಟುಡಿಯೋದವರ ಕೈಗೆ ಮೊಬೈಲ್ ಕೊಟ್ಟು, “ಇದ್ರಲ್ಲಿರೋದನ್ನೇ ಪ್ರಿಂಟ್ ಹಾಕಿ, ಮೂಗು ಸ್ವಲ್ಪ ಕಮ್ಮಿ ಮಾಡಿ” ಅಂದ. ಆ ಹಿರಿಯರು ಕನ್ನಡಕ ಮೇಲೇರಿಸಿ ಸೆಲ್ಫಿ ನೋಡಿದರು, ಹುಡುಗನನ್ನು ನೋಡಿದರು, ಡ್ರಾಯರಿನಿಂದ ಟೇಪು ತೆಗೆದರು.

“ಮೊಬೈಲ್ ಎಷ್ಟು ದೂರ ಹಿಡೀತೀಯ?” ಹುಡುಗ ಹಿಡಿದು ತೋರಿಸಿದ. ಮೂಗಿನ ತುದಿಯಿಂದ ಮೊಬೈಲಿಗೆ ಮೂವತ್ತು ಸೆಂಟಿಮೀಟರ್. ಮೂಗಿನ ತುದಿಯಿಂದ ಕಿವಿ ಹನ್ನೆರಡು ಸೆಂಟಿಮೀಟರ್ ಹಿಂದೆ. ಅಂದರೆ ಮೊಬೈಲಿಗೂ ಕಿವಿಗೂ ನಲವತ್ತೆರಡು. ರಸೀದಿ ಪುಸ್ತಕದ ಬೆನ್ನಿಗೆ ಅವರು ಭಾಗಿಸಿ ತೋರಿಸಿದರು: ಕಿವಿಗೆ ಹೋಲಿಸಿದರೆ ಮೂಗು ಒಂದೂ ಕಾಲಿಗಿಂತ ಜಾಸ್ತಿ, ಸರಿಯಾಗಿ 1.4 ಪಟ್ಟು ಹಿಗ್ಗುತ್ತದೆ. ಅದೇ ಕ್ಯಾಮೆರಾ ಒಂದೂವರೆ ಮೀಟರ್ ಹಿಂದೆ ನಿಂತರೆ 162ನ್ನು 150ರಿಂದ ಭಾಗಿಸಬೇಕು, ಹಿಗ್ಗುವುದು 1.08 ಪಟ್ಟು ಮಾತ್ರ. “ಹತ್ರ ಇರೋದು ದೊಡ್ಡದಾಗಿ ಕಾಣುತ್ತೆ ಮಗಾ. ಮುಖದಲ್ಲಿ ಮುಂದಿರೋದು ಮೂಗು. ಅದಕ್ಕೇ ನಾನು ಸ್ಟೂಲನ್ನ ಅಷ್ಟು ದೂರ ಇಟ್ಟಿರೋದು. ಜಾಗ ಜಾಸ್ತಿ ಇದೆ ಅಂತಲ್ಲ.”

ಹುಡುಗನಿಗೆ ನಂಬಿಕೆ ಬರಲೆಂದು ನಾನೂ ಓದಿದ್ದನ್ನು ಸೇರಿಸಿದೆ. 2018ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಇದೇ ಲೆಕ್ಕ ಹಾಕಿತ್ತು. ಹನ್ನೆರಡು ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಐದಡಿ ದೂರದ ಫೋಟೋಗಿಂತ ಸುಮಾರು ಶೇಕಡಾ 30ರಷ್ಟು ಹೆಚ್ಚಾಗಿ ಕಾಣುತ್ತದೆ.

ಸ್ಟುಡಿಯೋ ಫೋಟೋ ಬಂತು. ಸಮರ್ಥ ಬಹಳ ಹೊತ್ತು ನೋಡಿದ. ಮೂಗು ಸಣ್ಣದಾಗಿತ್ತು, ಆದರೆ ಸಣ್ಣ ಮೂಗಾಗಿರಲಿಲ್ಲ. “ಆದ್ರೂ ದೊಡ್ಡದೇ ಅಲ್ವಾ ಮಾಮ?” ಅಂದ. ನಾನು ಏನು ಹೇಳಲೆಂದು ಯೋಚಿಸುವಷ್ಟರಲ್ಲಿ ಸ್ಟುಡಿಯೋದವರು, “ಮೊಬೈಲ್ ಸೇರಿಸಿದ್ದನ್ನ ನಾನು ತೆಗೆದೆ. ನಿಮ್ಮ ತಾತ ಕೊಟ್ಟಿದ್ದನ್ನ ತೆಗೆಯೋಕೆ ನಾನ್ಯಾರು?” ಎಂದು ದುಡ್ಡು ತೆಗೆದುಕೊಂಡರು. ಹುಡುಗ ನಕ್ಕ. ಮೂಗಿನ ವಿಷಯಕ್ಕೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರೀ ಲೆಕ್ಕಕ್ಕೆ ಆ ಶಕ್ತಿಯಿತ್ತೆಂದು ನನಗನ್ನಿಸುವುದಿಲ್ಲ. ಇಷ್ಟು ದಿನ ಅವನ ಮೂಗನ್ನು ಕೆಲವರು ಗೇಲಿ ಮಾಡಿದ್ದರು, ಉಳಿದವರು “ಏನೂ ಆಗಿಲ್ಲ ಬಿಡು” ಎಂದು ಸುಳ್ಳು ಹೇಳಿದ್ದರು. ಟೇಪು ಹಿಡಿದು ಇದ್ದಷ್ಟನ್ನೇ ಹೇಳಿದವರು ಇವರೊಬ್ಬರೇ.

ಬಸ್ಸಿನಲ್ಲಿ ಬರುವಾಗ ಅವನಿಗೆ ಸಿರಾನೋ ಕಥೆ ಹೇಳಿದೆ. 1897ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂದ ರೋಸ್ತಾನ್‌ನ ನಾಟಕ ಅದು. ಸಿರಾನೋಗೆ ಭಾರೀ ಮೂಗು. ಒಬ್ಬ ಅವನಿಗೆ, ನಿನ್ನ ಮೂಗು ತುಂಬಾ ದೊಡ್ಡದು ಎಂದು ಸಪ್ಪೆಯಾಗಿ ಬೈಯುತ್ತಾನೆ. ಸಿರಾನೋ ಬೇಸರಪಡುವುದು ಆ ಸಪ್ಪೆತನಕ್ಕೆ. ಹೇಗೆಲ್ಲ ಬೈಯಬಹುದಿತ್ತು ಎಂದು ತಾನೇ ಹೇಳಿಕೊಡುತ್ತಾನೆ. ಸಮರ್ಥ ಕಿಟಕಿಯ ಗಾಜು ನೋಡುವುದನ್ನು ಬಿಟ್ಟು ಕೇಳಿದ.

ಈಗ ಮಾಸ್ಕು ಬೀರುವಿಗೆ ಮರಳಿದೆ, ಕ್ಲಿಪ್ಪು ತಂತಿಗೆ. ಹುಡುಗನ ಹತ್ತಿರ ಒಂದು ಸಣ್ಣ ನೋಟ್‌ಬುಕ್ಕಿದೆ. ಮೂಗಿನ ಬಗ್ಗೆ ಯಾರು ಏನಂದರೂ ಬರೆದುಕೊಂಡು ಹತ್ತಕ್ಕೆ ಅಂಕ ಕೊಡುತ್ತಾನೆ. ಗರುಡ, ಗಿಳಿ ಇವುಗಳಿಗೆ ಒಂದೊಂದು, ಹಳಸಲು ಎಂಬ ಷರಾದೊಂದಿಗೆ. “ಇವನ ಮೂಗಿನ ಕೆಳಗೆ ನಿಂತ್ರೆ ಛತ್ರಿ ಬೇಡ” ಅಂದ ಗೆಳೆಯನಿಗೆ ಮಲೆನಾಡಿನ ಹಿನ್ನೆಲೆ ಬಳಸಿದ್ದಕ್ಕೆ ನಾಲ್ಕು. ಎರಡಂಕಕ್ಕಿಂತ ಕಡಿಮೆ ಬಂದವರಿಗೆ ಮರುಪರೀಕ್ಷೆ ಉಂಟು. ಕಾಲೇಜಿನಲ್ಲಿ ಬಹಳ ಮಂದಿ ಫೇಲಾಗಿ ಬೈಯುವುದನ್ನೇ ಬಿಟ್ಟಿದ್ದಾರೆ.

ಹೋದ ತಿಂಗಳು ಮದುವೆಮನೆಯಲ್ಲಿ ಶಾರದತ್ತೆ ಸಿಕ್ಕರು. ಹುಡುಗನನ್ನು ಕಂಡಕೂಡಲೇ ಹಳೆಯ ಮಾತನ್ನೇ ತೆಗೆದರು: “ಮೂಗು ಬಂತು ನೋಡ್ರೇ!” ಸಮರ್ಥ ಜೇಬಿನಿಂದ ನೋಟ್‌ಬುಕ್ ತೆಗೆದ.

“ಮೂರು, ಅತ್ತೆ. ಹಿಂದಿನ ಸಲದ್ದೇ ಹೇಳಿದ್ರಿ.”

“ಏನೋ ಮೂರು?”

ವಿವರಿಸಿದ. ಆಕೆ ಕೋಪಿಸಿಕೊಳ್ಳುತ್ತಾರೆಂದು ನಾನು ಎಲೆಯಡಿಕೆ ತಟ್ಟೆಯ ಕಡೆ ಸರಿದೆ. ಆಕೆ ಸುತ್ತ ನೋಡಿ ದನಿ ತಗ್ಗಿಸಿ, “ನಾಗರತ್ನಂಗೆ ಎಷ್ಟು ಕೊಟ್ಟಿದ್ಯಾ?” ಅಂದರು.

“ಐದೂವರೆ.”

“ಅವಳಿಗೆ ಐದೂವರೆನಾ!” ಶಾರದತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತು, ಅವನ ಮುಖವನ್ನು ಮೊದಲ ಬಾರಿಗೆ ನೆಟ್ಟಗೆ ನೋಡಿದರು. “ಬರ್ಕೋ, ಇನ್ನೊಂದು ಹೇಳ್ತೀನಿ.”